ಮಾಲು ಬಂದಿಲ್ಲ, ಬಿಲ್ ಮಾತ್ರ ಬಂದಿದೆ: ಸಪ್ಲೈಯರ್‌ಗೆ ತಕರಾರು ಪತ್ರ ಬರೆಯುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ ಜಿಲ್ಲೆಯ ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಕಿರಾಣಿ, ಸ್ಟೇಷನರಿ, ಇಲೆಕ್ಟ್ರಿಕಲ್, ಹೀಗೆ ಎಲ್ಲ ಬಗೆಯ ಅಂಗಡಿಗಳಿವೆ. 2025ರ ಡಿಸೆಂಬರ್‌ನಲ್ಲಿ ಜಮಖಂಡಿಯ ಒಬ್ಬ ಇಲೆಕ್ಟ್ರಿಕಲ್ ಅಂಗಡಿ ಮಾಲೀಕರು ಒಂದು ಹಾಳೆ ಹಿಡಿದುಕೊಂಡು ಬಂದರು. ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿ ಕಳಿಸಿದ ಖಾತೆ ಉತಾರ ಅದು. ಅದರಲ್ಲಿ 92,040 ರೂಪಾಯಿಯ ಒಂದು ಬಿಲ್ ಇತ್ತು. "ಸರ್, ಈ ಮಾಲು ನಮ್ಮ ಅಂಗಡಿಗೆ ಬಂದೇ ಇಲ್ರಿ. ಬಿಲ್ ಅಷ್ಟ ಬಂದೈತಿ. ಈಗ ರೊಕ್ಕ ಕೊಡು ಅಂತ ದಿನಾ ಫೋನ್ ಮಾಡಾಕತ್ತಾರ" ಎಂದರು.

ಅವರ ಕೈಯಲ್ಲಿ ಪತ್ರದ ಕರಡೂ ಇತ್ತು. ಮಗಳು ಬರೆದುಕೊಟ್ಟಿದ್ದಳು. ಅಕ್ಷರ ಮುತ್ತಿನಂತಿತ್ತು. ಆದರೆ ಆ ಪತ್ರ ಹಾಗೇ ಹೋಗಿದ್ದರೆ ಅವರಿಗೇ ನಷ್ಟವಾಗುತ್ತಿತ್ತು. ಯಾಕೆ, ಮತ್ತೆ ಸರಿಯಾದ ಪತ್ರ ಹೇಗಿರಬೇಕು ಎಂಬುದನ್ನು ಈ ಒಂದೇ ಪ್ರಕರಣ ಹಿಡಿದು ಹೇಳುತ್ತೇನೆ.

ಮೊದಲು ಲೆಕ್ಕ ಬಿಡಿಸಿಕೊಳ್ಳಿ

ನವೆಂಬರ್ 8ರಂದು ಅವರು ವಾಟ್ಸಾಪ್‌ನಲ್ಲಿ ಆರ್ಡರ್ ಹಾಕಿದ್ದರು. 24 ಸೀಲಿಂಗ್ ಫ್ಯಾನ್, 30 ಕಾಯಿಲ್ ವೈರ್. ನವೆಂಬರ್ 12ರ ತಾರೀಖಿಗೆ 1187ನೇ ನಂಬರಿನ ಬಿಲ್ ಆಗಿತ್ತು. ಫ್ಯಾನ್ ತಲಾ 1,500ರಂತೆ 36,000. ವೈರ್ ತಲಾ 1,400ರಂತೆ 42,000. ಒಟ್ಟು 78,000. ಅದಕ್ಕೆ ಶೇಕಡ 18 ಜಿಎಸ್‌ಟಿ 14,040 ಸೇರಿ 92,040.

ಆದರೆ ಉತಾರದಲ್ಲಿ ಕೇಳಿದ್ದ ಬಾಕಿ 1,08,340. ಯಾಕೆಂದರೆ ಹಳೆಯ ಬಿಲ್ ಒಂದಿತ್ತು, ನಂಬರ್ 1042, ಮೊತ್ತ 41,300. ಅದರ ಮಾಲು ಬಂದಿತ್ತು, ಮಾರಾಟವೂ ಆಗಿತ್ತು. ಅದಕ್ಕೆಂದು ಮಾಲೀಕರು ನವೆಂಬರ್ 18ರಂದು ಯುಪಿಐ ಮೂಲಕ 25,000 ಕಳಿಸಿದ್ದರು. ಅಂದರೆ ಹಳೆಯ ಬಿಲ್ಲಿಗೆ ಇವರು ನಿಜವಾಗಿ ಕೊಡಬೇಕಾದದ್ದು 16,300 ಮಾತ್ರ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಣ ಕಳಿಸುವಾಗ ಅವರು ಯಾವ ಬಿಲ್ಲಿಗೆ ಎಂದು ಬರೆದಿರಲಿಲ್ಲ. 1872ರ ಕರಾರು ಕಾಯ್ದೆಯ 59ನೇ ಕಲಂ ಪ್ರಕಾರ, ಹಣ ಕೊಡುವವನು ಇದು ಇಂಥ ಬಾಕಿಗೆ ಎಂದು ಹೇಳಿದರೆ, ತೆಗೆದುಕೊಂಡವನು ಅದೇ ಬಾಕಿಗೆ ಜಮಾ ಮಾಡಬೇಕು. ಹೇಳದೆ ಸುಮ್ನೆ ಕೊಟ್ಟರೆ, 60ನೇ ಕಲಂ ಪ್ರಕಾರ ಯಾವ ಬಾಕಿಗೆ ಹಿಡಿಯಬೇಕು ಎಂಬ ಆಯ್ಕೆ ತೆಗೆದುಕೊಂಡವನದಾಗುತ್ತದೆ. ನಾಳೆ ಆ ವ್ಯಾಪಾರಿ "25,000 ಬಂದದ್ದು 1187ನೇ ಬಿಲ್ಲಿಗೇ, ಅಂದರೆ ಮಾಲು ಸೇರಿದೆ ಅಂತಲೇ ಅರ್ಥ ಅಲ್ವಾ" ಎಂದು ವಾದಿಸಬಹುದು.

ಹಾಗಾಗಿ ಪತ್ರಕ್ಕೂ ಮೊದಲು ನಾನು ಅವರಿಂದ ಮಾಡಿಸಿದ್ದು ಒಂದು ಪಾವತಿ. 16,300 ರೂಪಾಯಿಯನ್ನು ಬ್ಯಾಂಕ್ ಮೂಲಕ ಕಳಿಸಿ, ಷರಾ ಜಾಗದಲ್ಲಿ "ಬಿಲ್ 1042 ಪೂರ್ತಿ ಚುಕ್ತಾ" ಎಂದು ಬರೆಸಿದೆ. ತಕ್ಷಣ ಅದರ ಸ್ಕ್ರೀನ್‌ಶಾಟ್ ಜೊತೆ ವಾಟ್ಸಾಪ್ ಸಂದೇಶ: "ನವೆಂಬರ್ 18ರ 25,000 ಮತ್ತು ಇಂದಿನ 16,300 ಎರಡೂ ಬಿಲ್ 1042ಕ್ಕೆ." ಕೆಲವರಿಗೆ ಇದು ವಿಚಿತ್ರ ಅನಿಸುತ್ತದೆ. ಜಗಳ ಇರುವಾಗ ಹಣ ಯಾಕೆ ಕೊಡಬೇಕು ಎನ್ನುತ್ತಾರೆ. ಒಪ್ಪಿದ ಬಾಕಿಯನ್ನು ಹಿಡಿದಿಟ್ಟರೆ ನೀವು ಕಾಸಿಲ್ಲದೆ ತಕರಾರು ತೆಗೆದಿದ್ದೀರಿ ಎಂದೇ ಎದುರಿನವರು ಹೇಳುತ್ತಾರೆ. ಅದನ್ನು ತೀರಿಸಿದರೆ ಉಳಿಯುವುದು ಒಂದೇ ಬಿಲ್, ಒಂದೇ ಪ್ರಶ್ನೆ.

ಮಾಲು ನಿಜಕ್ಕೂ ಬಂದಿಲ್ಲವೇ?

ಇದನ್ನು ಕೇಳಿದರೆ ಮಾಲೀಕರಿಗೆ ಸಿಟ್ಟು ಬರುತ್ತದೆ. ಆದರೂ ನಾನು ಕೇಳುತ್ತೇನೆ. ನಮ್ಮ ಕಡೆ ಲಾರಿ ಮಾಲು ಎಷ್ಟೋ ಸಲ ಅಂಗಡಿ ಬಾಗಿಲಿಗೆ ಬರುವುದಿಲ್ಲ. ಟ್ರಾನ್ಸ್‌ಪೋರ್ಟ್ ಗೋಡೌನ್‌ನಲ್ಲಿ ಇಳಿಯುತ್ತದೆ. ನಾವು ಲಾರಿಯವರ ಸಾಗಣೆ ರಸೀದಿ, ಅಂದರೆ ಎಲ್‌ಆರ್ ಪ್ರತಿ ಕೊಟ್ಟು, ಬಾಡಿಗೆ ಕಟ್ಟಿ, ಹಮಾಲಿ ಹಿಡಿದು ತರಬೇಕು. ಎಲ್‌ಆರ್ ಮೇಲೆ "ಗೋಡೌನ್ ಡೆಲಿವರಿ" ಎಂದಿದ್ದು, ಯಾರೂ ಫೋನ್ ಮಾಡದಿದ್ದರೆ ಮಾಲು ಅಲ್ಲೇ ವಾರಗಟ್ಟಲೆ ಬಿದ್ದಿರುತ್ತದೆ. ಅಂಥದ್ದರಲ್ಲಿ "ಬಂದಿಲ್ಲ" ಎಂದು ಬರೆದು, ಆಮೇಲೆ ಗೋಡೌನ್‌ನಲ್ಲಿ ಸಿಕ್ಕರೆ ಪತ್ರಕ್ಕೆ ಬೆಲೆ ಇರುವುದಿಲ್ಲ.

ಅದಕ್ಕೇ ಜಮಖಂಡಿಯ ಎರಡು ಟ್ರಾನ್ಸ್‌ಪೋರ್ಟ್ ಗೋಡೌನ್‌ಗಳಿಗೆ ಹೋಗಿ ಕೇಳಿ ಬರಲು ಹೇಳಿದೆ. ಅಂಗಡಿ ಹುಡುಗನನ್ನು, ಮನೆಯವರನ್ನು, ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಮಾಲು ಇಳಿಸಿಕೊಳ್ಳುವ ಪಕ್ಕದ ಅಂಗಡಿಯವರನ್ನು ಕೇಳಲು ಹೇಳಿದೆ. ಸ್ಟಾಕ್ ಪುಸ್ತಕವನ್ನು ನಾನೇ ನೋಡಿದೆ. ನವೆಂಬರ್ 12ರಿಂದ ಆಚೆ ಆ ಕಂಪನಿಯ ಫ್ಯಾನ್ ಒಂದೂ ಜಮಾ ಆಗಿರಲಿಲ್ಲ.

ಇನ್ನೊಂದು ಜಾಗ ಇ-ವೇ ಬಿಲ್ ಪೋರ್ಟಲ್. 50,000 ರೂಪಾಯಿಗಿಂತ ಜಾಸ್ತಿ ಮೌಲ್ಯದ ಮಾಲು ಸಾಗಿಸಲು ಇ-ವೇ ಬಿಲ್ ಬೇಕು. ಬಿಲ್ 92,040ರದ್ದು, ಅಂದರೆ ಇದಕ್ಕೂ ಆಗಿರಲೇಬೇಕು. ಜಿಎಸ್‌ಟಿ ನಂಬರ್ ಇರುವ ಅಂಗಡಿಯವರು `ewaybillgst.gov.in`ನಲ್ಲಿ ಲಾಗಿನ್ ಆದರೆ, ಬೇರೆಯವರು ತಮ್ಮ ಹೆಸರಿಗೆ ಮಾಡಿದ ಇ-ವೇ ಬಿಲ್‌ಗಳನ್ನು ತಾರೀಖಿನ ಪ್ರಕಾರ ನೋಡಬಹುದು. ಅದರಲ್ಲಿ ಎರಡು ಭಾಗ ಇರುತ್ತದೆ. ಮೊದಲ ಭಾಗದಲ್ಲಿ ಬಿಲ್ ವಿವರ, ಎರಡನೆಯದರಲ್ಲಿ ಗಾಡಿ ನಂಬರ್. ಗಾಡಿ ನಂಬರ್ ಖಾಲಿ ಇದ್ದರೆ ಮಾಲು ಹುಬ್ಬಳ್ಳಿ ಬಿಟ್ಟೇ ಇಲ್ಲದಿರಬಹುದು. ಗಾಡಿ ನಂಬರ್ ಇದ್ದರೆ ಮಾಲು ಹೊರಟಿತ್ತು ಎಂದಾಯಿತು. ನಿಮಗೆ ಸೇರಿತು ಎಂದಲ್ಲ.

ಇವರ ಪ್ರಕರಣದಲ್ಲಿ ಗಾಡಿ ನಂಬರ್ ಇತ್ತು.

ನಿಮ್ಮದಲ್ಲದ ಇ-ವೇ ಬಿಲ್ ಕಂಡರೆ 72 ಗಂಟೆ ಒಳಗೆ ಅಲ್ಲೇ ತಿರಸ್ಕರಿಸುವ ಅವಕಾಶ ಇದೆ. ಆ ಅವಧಿ ಮುಗಿದರೆ ಅದನ್ನು ಒಪ್ಪಿದಂತೆ ಎಂದು ಹಿಡಿಯುತ್ತಾರೆ. ಹೆಚ್ಚಿನ ಅಂಗಡಿಯವರು ಆ ಪೋರ್ಟಲ್ ತೆರೆದೇ ಇರುವುದಿಲ್ಲ. ಇವರೂ ತೆರೆದಿರಲಿಲ್ಲ. ಆ ಒಪ್ಪಿಗೆ ಇ-ವೇ ಬಿಲ್ಲಿಗೆ ಮಾತ್ರ. ಅದೊಂದರಿಂದ ಮಾಲು ಕೈಸೇರಿತು ಎಂದು ಸಾಬೀತಾಗುವುದಿಲ್ಲ. ಆದರೂ ಪತ್ರದಲ್ಲಿ ಇದಕ್ಕೆ ಉತ್ತರ ಇರಬೇಕು.

ಟ್ರಾನ್ಸ್‌ಪೋರ್ಟ್ ಯಾರದ್ದು?

ಪತ್ರದ ಧಾಟಿ ಇದರ ಮೇಲೆ ನಿಂತಿದೆ. 1930ರ ಸರಕು ಮಾರಾಟ ಕಾಯ್ದೆಯ 32ನೇ ಕಲಂ ಪ್ರಕಾರ, ಬೇರೆ ಮಾತು ಆಗಿಲ್ಲದಿದ್ದರೆ ಮಾಲು ಕೊಡುವುದು ಮತ್ತು ಹಣ ಕೊಡುವುದು ಒಂದಕ್ಕೊಂದು ಕಟ್ಟಿಕೊಂಡ ಕೆಲಸಗಳು. ಇದು ನಿಮ್ಮ ಪರ. ಆದರೆ 39ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಮಾಲು ಕಳಿಸಬೇಕು ಎಂಬ ಒಪ್ಪಂದ ಇದ್ದಾಗ, ಮಾರುವವನು ಅದನ್ನು ಸಾಗಣೆದಾರನ ಕೈಗೆ ಕೊಟ್ಟರೆ, ಮೇಲ್ನೋಟಕ್ಕೆ ಅದು ಕೊಳ್ಳುವವನಿಗೇ ಕೊಟ್ಟಂತೆ.

ಆದ್ದರಿಂದ "ನಮ್ಮ ಟ್ರಾನ್ಸ್‌ಪೋರ್ಟ್‌ಗೆ ಹಾಕಿ ಕಳಿಸ್ರಿ" ಎಂದು ನೀವೇ ಹೆಸರು ಹೇಳಿದ್ದರೆ, ಬಾಡಿಗೆಯೂ ನಿಮ್ಮದಾಗಿದ್ದರೆ, ಸಪ್ಲೈಯರ್ ಮೇಲಿನ ನಿಮ್ಮ ವಾದ ತೆಳುವಾಗುತ್ತದೆ. ಆಗ ಅವನಿಂದ ಕೇಳಬೇಕಾದದ್ದು ಎಲ್‌ಆರ್. ಎಲ್‌ಆರ್ ಇಲ್ಲದಿದ್ದರೆ ಸಾಗಣೆದಾರನಿಗೆ ಕೊಟ್ಟದ್ದಕ್ಕೇ ಸಾಕ್ಷಿ ಇಲ್ಲ. ಎಲ್‌ಆರ್ ಇದ್ದರೆ ನಿಮ್ಮ ಮುಖ್ಯ ತಕರಾರು ಟ್ರಾನ್ಸ್‌ಪೋರ್ಟ್ ಮೇಲೆ ಹೋಗಬೇಕು.

ಇವರ ವಾಟ್ಸಾಪ್ ತೆರೆದು ನೋಡಿದೆ. ನವೆಂಬರ್ 8ರಂದು ಇವರು ಬರೆದದ್ದು: "ಅಂಗಡಿ ತನಕ ಡೆಲಿವರಿ ಕೊಡ್ರಿ." ಉತ್ತರ ಬಂದದ್ದು: "ಆಯ್ತು, ನಮ್ಮ ಗಾಡಿ ವ್ಯವಸ್ಥೆ ಐತಿ." ಇಷ್ಟೇ. ಇಡೀ ತಕರಾರಿನ ಬೆನ್ನೆಲುಬು ಈ ಎರಡು ಸಾಲು. ಆ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ತೆಗೆದಿಡಲು ಹೇಳಿದೆ. ಫೋನ್ ಬದಲಿಸಬೇಡಿ, ಚಾಟ್ ಅಳಿಸಬೇಡಿ ಎಂದೂ ಹೇಳಿದೆ. ಕೋರ್ಟಿಗೆ ಹೋದರೆ ಪ್ರಿಂಟ್ ಜೊತೆಗೆ, ಅದು ಯಾವ ಫೋನಿನಿಂದ ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರವೂ ಬೇಕಾಗುತ್ತದೆ.

ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಂಡು "ಮಾಲು ಬಂದಿಲ್ಲ" ಎನ್ನಬೇಡಿ

ಮಗಳು ಬರೆದ ಪತ್ರ ಯಾಕೆ ಅಪಾಯಕಾರಿ ಎಂದೆನಲ್ಲ, ಮುಖ್ಯ ಕಾರಣ ಪತ್ರದೊಳಗೆ ಇರಲಿಲ್ಲ. ಜಿಎಸ್‌ಟಿ ರಿಟರ್ನ್‌ನಲ್ಲಿ ಇತ್ತು.

ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ಬಿಲ್ 1187 ತೋರಿಸಿದ್ದ. ಅದು ಡಿಸೆಂಬರ್ 14ರಂದು ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿಯಾದ ಇವರ ಜಿಎಸ್‌ಟಿಆರ್-2ಬಿಯಲ್ಲಿ ತಾನಾಗಿ ಬಂತು. ಡಿಸೆಂಬರ್ 20ರೊಳಗೆ ನವೆಂಬರ್ ತಿಂಗಳ ತೆರಿಗೆ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ತುಂಬುವಾಗ, 2ಬಿಯಲ್ಲಿ ಇದ್ದದ್ದನ್ನೆಲ್ಲ ಹಾಗೇ ಕ್ರೆಡಿಟ್ ತೆಗೆದುಕೊಂಡಿದ್ದರು. ತುಂಬಿದ್ದು ಬೇರೆ ಆಪರೇಟರ್. ಮಾಲು ಬಂದಿದೆಯೇ ಎಂದು ಅವನು ಕೇಳಲಿಲ್ಲ, ಮಾಲೀಕರೂ ಹೇಳಲಿಲ್ಲ. ಹೀಗೆ 14,040 ರೂಪಾಯಿ ತೆರಿಗೆ ಕ್ರೆಡಿಟ್, ಅಂದರೆ ಕೊಳ್ಳುವಾಗಿನ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು, ಇವರ ಖಾತೆಗೆ ಸೇರಿತ್ತು.

ಜಿಎಸ್‌ಟಿ ಕಾಯ್ದೆಯ 16(2)(ಬಿ) ಪ್ರಕಾರ, ಮಾಲು ಕೈಗೆ ಬಂದಿದ್ದರೆ ಮಾತ್ರ ಕ್ರೆಡಿಟ್ ತೆಗೆದುಕೊಳ್ಳಬಹುದು. ಅಂದರೆ ಕ್ರೆಡಿಟ್ ತೆಗೆದುಕೊಂಡ ದಿನವೇ ನೀವು ಸರ್ಕಾರದ ಮುಂದೆ "ಮಾಲು ಬಂದಿದೆ" ಎಂದು ಹೇಳಿದಂತಾಯಿತು. ನಾಲ್ಕು ದಿನ ಬಿಟ್ಟು ಸಪ್ಲೈಯರ್‌ಗೆ "ಮಾಲು ಬಂದಿಲ್ಲ" ಎಂದು ಬರೆಯುತ್ತೀರಿ. ಅವನ ವಕೀಲರು ಮೊದಲು ಎತ್ತಿ ತೋರಿಸುವುದು ಇದನ್ನೇ. ನಾನು ನೋಡಿದ ತಕರಾರುಗಳಲ್ಲಿ ಅಂಗಡಿಯವರು ಸೋತದ್ದು ಹೆಚ್ಚಾಗಿ ಇಲ್ಲೇ. ನಿಜ ಹೇಳುತ್ತಿದ್ದವರೂ ಸೋತಿದ್ದಾರೆ, ಅದು ನನಗೆ ತುಂಬ ಬೇಸರದ ವಿಷಯ.

ಹಾಗಾಗಿ ಪತ್ರ ಹೋಗುವ ಮೊದಲೇ ಇದನ್ನು ಸರಿಪಡಿಸಲು ನಿರ್ಧರಿಸಿ, ಪತ್ರದಲ್ಲೂ ಅದನ್ನು ಹೇಳಬೇಕು. ಡಿಸೆಂಬರ್ ತಿಂಗಳ 3ಬಿಯಲ್ಲಿ 14,040 ರೂಪಾಯಿಯನ್ನು ವಾಪಸ್ ತೋರಿಸಿದೆವು. ತೋರಿಸುವ ಜಾಗ ಕೋಷ್ಟಕ `4(B)(2)`. ಮುಂದೆ ಮಾಲು ಬಂದರೆ ಮತ್ತೆ ಪಡೆಯಬಹುದಾದ ಕ್ರೆಡಿಟ್ ಅಲ್ಲಿ ಬರುತ್ತದೆ. ಆ ಕ್ರೆಡಿಟ್ಟನ್ನು ನಡುವೆ ತೆರಿಗೆ ಕಟ್ಟಲು ಬಳಸಿಬಿಟ್ಟಿದ್ದರೆ, ಬಳಸಿದ ದಿನಗಳಿಗೆ ವರ್ಷಕ್ಕೆ ಶೇಕಡ 18ರ ಲೆಕ್ಕದಲ್ಲಿ ಬಡ್ಡಿ ಬೀಳುತ್ತದೆ. ಇವರ ಖಾತೆಯಲ್ಲಿ ಅದು ಹಾಗೇ ಉಳಿದಿತ್ತು, ಬಡ್ಡಿ ಬೀಳಲಿಲ್ಲ.

ನೀವು 3ಬಿ ತುಂಬುವ ಮೊದಲೇ ವಿಷಯ ಗೊತ್ತಾದರೆ ಕೆಲಸ ಇನ್ನೂ ಸುಲಭ. 2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ `Invoice Management System` ಎಂಬ ಪುಟ ಬಂದಿದೆ. ಸಪ್ಲೈಯರ್ ತೋರಿಸಿದ ಪ್ರತಿ ಬಿಲ್ಲಿನ ಮುಂದೆ `Accept`, `Reject`, `Pending` ಎಂಬ ಆಯ್ಕೆ ಇರುತ್ತದೆ. ಏನೂ ಒತ್ತದಿದ್ದರೆ ಒಪ್ಪಿದಂತೆ. ಮಾಲು ದಾರಿಯಲ್ಲಿ ಇರಬಹುದು ಎಂಬ ಸಣ್ಣ ಅನುಮಾನ ಇದ್ದರೆ `Pending` ಒತ್ತಿ. ಇದು ನನ್ನದಲ್ಲ ಎಂದು ಖಾತ್ರಿ ಇದ್ದರೆ `Reject`. ಪತ್ರದ ಜೊತೆ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಪತ್ರ

ಈಗ ಬರೆಯೋಣ. ಇವರ ಪತ್ರ ಡಿಸೆಂಬರ್ 24ರಂದು ಹೋಯಿತು. ಹೆಸರು, ವಿಳಾಸ ಬಿಟ್ಟು ಉಳಿದದ್ದು ಹೀಗಿತ್ತು.

> ದಿನಾಂಕ: 24-12-2025
> ಜಮಖಂಡಿ
>
> ಇವರಿಂದ: (ಅಂಗಡಿ ಹೆಸರು, ವಿಳಾಸ, ಜಿಎಸ್‌ಟಿ ನಂಬರ್)
> ಇವರಿಗೆ: (ಬಿಲ್ಲಿನಲ್ಲಿ ಇರುವಂತೆ ಸಪ್ಲೈಯರ್ ಹೆಸರು, ವಿಳಾಸ, ಜಿಎಸ್‌ಟಿ ನಂಬರ್)
>
> ವಿಷಯ: ಮಾಲು ತಲುಪದ ಬಿಲ್ ನಂಬರ್ 1187, ದಿನಾಂಕ 12-11-2025, ಮೊತ್ತ ರೂ. 92,040 ಕುರಿತು ತಕರಾರು
>
> ಮಾನ್ಯರೇ,
>
> ದಿನಾಂಕ 08-11-2025ರಂದು ನಾವು ವಾಟ್ಸಾಪ್ ಮೂಲಕ 24 ಸೀಲಿಂಗ್ ಫ್ಯಾನ್ ಮತ್ತು 30 ಕಾಯಿಲ್ ವೈರ್‌ಗೆ ಆರ್ಡರ್ ಕೊಟ್ಟಿದ್ದೆವು. ಮಾಲನ್ನು ನಮ್ಮ ಅಂಗಡಿಗೆ ತಲುಪಿಸಬೇಕೆಂದು ಕೇಳಿದ್ದೆವು. ತಮ್ಮದೇ ಗಾಡಿ ವ್ಯವಸ್ಥೆಯಲ್ಲಿ ಕಳಿಸುವುದಾಗಿ ತಾವು ಅದೇ ದಿನ ಒಪ್ಪಿದ್ದೀರಿ.
>
> ಈ ಬಿಲ್ಲಿನ ಯಾವ ಮಾಲೂ, ಪೂರ್ತಿಯಾಗಲಿ ಭಾಗಶಃ ಆಗಲಿ, ಇಂದಿನವರೆಗೆ ನಮ್ಮ ಅಂಗಡಿಗೆ ತಲುಪಿಲ್ಲ. ನಾವಾಗಲಿ ನಮ್ಮ ಪರವಾಗಿ ಯಾರಾಗಲಿ ಇದನ್ನು ಪಡೆದು ಸಹಿ ಮಾಡಿಲ್ಲ. ಜಮಖಂಡಿಯ ಟ್ರಾನ್ಸ್‌ಪೋರ್ಟ್ ಗೋಡೌನ್‌ಗಳಲ್ಲಿಯೂ ವಿಚಾರಿಸಿದ್ದೇವೆ, ನಮ್ಮ ಹೆಸರಿನ ಮಾಲು ಇಲ್ಲ. ಈ ಬಿಲ್ಲಿಗೆ ಇ-ವೇ ಬಿಲ್ ಆಗಿರುವುದು ನಮಗೆ ಈಗ ತಿಳಿದಿದೆ. ಅದನ್ನು ಮಾಲು ತಲುಪಿದ್ದಕ್ಕೆ ನಮ್ಮ ಒಪ್ಪಿಗೆ ಎಂದು ತಿಳಿಯಬಾರದು.
>
> ಆದ್ದರಿಂದ ರೂ. 92,040 ನಮ್ಮ ಬಾಕಿ ಎಂಬುದನ್ನು ನಾವು ಒಪ್ಪುವುದಿಲ್ಲ.
>
> ಬಿಲ್ ನಂಬರ್ 1042ರ ರೂ. 41,300 ಪೂರ್ತಿ ಚುಕ್ತಾ ಆಗಿದೆ. ದಿನಾಂಕ 18-11-2025ರ ರೂ. 25,000 ಮತ್ತು 23-12-2025ರ ರೂ. 16,300 ಎರಡೂ ಆ ಬಿಲ್ಲಿಗೆ ಕೊಟ್ಟದ್ದು. ಇವುಗಳಲ್ಲಿ ಯಾವುದನ್ನೂ ಬಿಲ್ 1187ಕ್ಕೆ ಜಮಾ ಮಾಡಬಾರದು.
>
> ಬಿಲ್ 1187ರ ತೆರಿಗೆ ಕ್ರೆಡಿಟ್ ರೂ. 14,040 ತಮ್ಮ ರಿಟರ್ನ್ ಆಧಾರದಲ್ಲಿ ನಮ್ಮ ನವೆಂಬರ್ ರಿಟರ್ನ್‌ಗೆ ಬಂದಿತ್ತು. ಮಾಲು ಬಂದಿಲ್ಲದ ಕಾರಣ ಅದನ್ನು ಡಿಸೆಂಬರ್ ರಿಟರ್ನ್‌ನಲ್ಲಿ ವಾಪಸ್ ಮಾಡುತ್ತಿದ್ದೇವೆ.
>
> ಈ ಪತ್ರ ತಲುಪಿದ 10 ದಿನಗಳೊಳಗೆ, ಮಾಲು ತಲುಪಿದೆ ಎಂದು ತಾವು ಹೇಳುವುದಾದರೆ ಎಲ್‌ಆರ್ ಪ್ರತಿಯ ಎರಡೂ ಬದಿ, ಡೆಲಿವರಿ ಪಡೆದವರ ಸಹಿ, ಶಿಕ್ಕಾ ಮತ್ತು ಫೋನ್ ನಂಬರ್ ಇರುವ ದಾಖಲೆ, ಗಾಡಿ ನಂಬರ್ ಮತ್ತು ಡೆಲಿವರಿ ದಿನಾಂಕ ಕಳಿಸಿಕೊಡಿ. ಇಲ್ಲವಾದರೆ ಬಿಲ್ 1187ಕ್ಕೆ ಪೂರ್ತಿ ಮೊತ್ತದ ಕ್ರೆಡಿಟ್ ನೋಟ್ ಮಾಡಿ, ಸರಿಪಡಿಸಿದ ಖಾತೆ ಉತಾರ ಕಳಿಸಿ.
>
> ನವೆಂಬರ್ 8ರ ಆರ್ಡರ್ ರದ್ದಾಗಿದೆ. ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಅದರ ಮೇಲೆ ಮಾಲು ಕಳಿಸಬೇಡಿ.
>
> (ಸಹಿ, ಅಂಗಡಿ ಶಿಕ್ಕಾ)
>
> ಲಗತ್ತು: ವಾಟ್ಸಾಪ್ ಆರ್ಡರ್ ಪ್ರತಿ, ಎರಡು ಪಾವತಿಗಳ ಪ್ರತಿ, ನವೆಂಬರ್ 12ರಿಂದ ಡಿಸೆಂಬರ್ 23ರವರೆಗಿನ ಸ್ಟಾಕ್ ಪುಸ್ತಕದ ಪುಟ.

"ಪೂರ್ತಿಯಾಗಲಿ ಭಾಗಶಃ ಆಗಲಿ" ಎಂಬ ಮಾತು ಬಿಡಬೇಡಿ. ಮಗಳ ಕರಡಿನಲ್ಲಿ "ಮಾಲು ಸರಿಯಾಗಿ ಬಂದಿಲ್ಲ" ಎಂದಿತ್ತು. ನಮ್ಮ ಮಾತಿನಲ್ಲಿ ಅದಕ್ಕೆ ಬಂದೇ ಇಲ್ಲ ಎಂಬ ಅರ್ಥವೂ ಇದೆ. ಓದುವವನು ಮಾತ್ರ ಕಡಿಮೆ ಬಂದಿದೆ ಅಥವಾ ಕೆಟ್ಟು ಬಂದಿದೆ ಎಂದು ಓದುತ್ತಾನೆ. ಕಡಿಮೆ ಬಂದದ್ದು, ಒಡೆದು ಬಂದದ್ದು, ಬಂದೇ ಇಲ್ಲದ್ದು, ಈ ಮೂರೂ ಬೇರೆ ಬೇರೆ ತಕರಾರು.

ಅದೇ ಕರಡಿನಲ್ಲಿ "ಸದ್ಯ ನಮ್ಮ ಹತ್ತಿರ ಹಣದ ಅಡಚಣೆ ಇದೆ, ಸ್ವಲ್ಪ ಸಮಯ ಕೊಡಿ" ಎಂಬ ಸಾಲೂ ಇತ್ತು. ಮರ್ಯಾದೆಗೆ ಬರೆದದ್ದು. ಆದರೆ ಅದು ಸಾಲ ಒಪ್ಪಿಕೊಂಡಂತೆ. ಬಾಕಿ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತದೆ. ಆ ಗಡುವು ಮುಗಿಯುವ ಮೊದಲು ನೀವು ಸಹಿ ಮಾಡಿ ಬಾಕಿ ಒಪ್ಪಿದರೆ, ಅಂದಿನಿಂದ ಹೊಸದಾಗಿ 3 ವರ್ಷ ಎಣಿಕೆ ಶುರುವಾಗುತ್ತದೆ. ವಿನಯ ಬೇಕು, ಮಾನ್ಯರೇ ಎಂದೇ ಬರೆಯಿರಿ. ಬಾಕಿಯ ಬಗ್ಗೆ ಮಾತ್ರ ಮೆತ್ತಗಾಗಬೇಡಿ.

ಇನ್ನು "ಮೋಸಗಾರರು", "ಕಳ್ಳ ಬಿಲ್" ಎಂಬ ಪದಗಳನ್ನು ತೆಗೆದುಹಾಕಿ. ಆ ಹೊತ್ತಿಗೆ ನಿಮಗೆ ಗೊತ್ತಿರುವುದು ಮಾಲು ನಿಮಗೆ ಬಂದಿಲ್ಲ ಎಂಬುದು ಮಾತ್ರ. ಎಲ್ಲಿ ಹೋಯಿತು ಎಂಬುದು ಗೊತ್ತಿಲ್ಲ.

ಆರ್ಡರ್ ರದ್ದು ಮಾಡುವ ಸಾಲು ನಿಮಗೆ ಬೇಡದಿರಬಹುದು. ಮಾಲು ಇನ್ನೂ ಬೇಕಿದ್ದರೆ ಅದರ ಬದಲು "ಹೊಸ ಬಿಲ್ ಮಾಡಿ ಇಂಥ ತಾರೀಖಿನೊಳಗೆ ಕಳಿಸಿ" ಎಂದು ಬರೆಯಿರಿ. ಎರಡರಲ್ಲಿ ಒಂದು ಇರಲೇಬೇಕು. ಇಲ್ಲದಿದ್ದರೆ ಪತ್ರ ತಲುಪಿದ ಮರುದಿನ ಗಾಡಿ ಬಂದು ನಿಲ್ಲಬಹುದು, ಹಳೆ ಬಿಲ್ಲಿನ ಮೇಲೆಯೇ.

ಭಾಷೆ ಕನ್ನಡವೇ ಸಾಕು, ಹುಬ್ಬಳ್ಳಿಯವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಸಾಂಗ್ಲಿ, ಕೊಲ್ಲಾಪುರದಿಂದ ಮಾಲು ತರಿಸುವವರು ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಇಡಿ.

ಚೆಕ್ ಕೊಟ್ಟಿದ್ದರೆ

ಇವರು ಕೊಟ್ಟಿರಲಿಲ್ಲ. ಆದರೆ ಮುಂದಿನ ತಾರೀಖಿನ ಚೆಕ್ ಕೊಟ್ಟು ಉದ್ರಿ ಮಾಲು ತರಿಸುವ ರೂಢಿ ನಮ್ಮಲ್ಲಿ ಜಾಸ್ತಿ. ಹಾಗಿದ್ದರೆ ಚೆಕ್ ನಂಬರ್, ತಾರೀಖು ಪತ್ರದಲ್ಲಿ ಬರೆದು, ಅದನ್ನು ಬ್ಯಾಂಕಿಗೆ ಹಾಕದೆ ವಾಪಸ್ ಕೊಡಬೇಕೆಂದು ಕೇಳಿ. ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಅರ್ಜಿ ಕೊಟ್ಟು, ಕಾರಣ "ಮಾಲು ತಲುಪಿಲ್ಲ" ಎಂದು ಬರೆದು, ಪ್ರತಿಗೆ ಶಿಕ್ಕಾ ಹಾಕಿಸಿಕೊಳ್ಳಿ. ಸ್ಟಾಪ್ ಪೇಮೆಂಟ್ ಮಾಡಿದರೂ ಚೆಕ್ ಬೌನ್ಸ್ ಕೇಸ್ ಬರಬಹುದು. ಆಗ ಖಾತೆಯಲ್ಲಿ ಅಷ್ಟು ಹಣ ಇತ್ತು, ತಡೆದದ್ದು ಮಾಲು ಬಾರದ ಕಾರಣಕ್ಕೆ ಎಂದು ತೋರಿಸಿದರೆ ನಿಮ್ಮ ಮಾತು ನಿಲ್ಲುತ್ತದೆ. ಆದ್ದರಿಂದ ಚೆಕ್ ತಾರೀಖಿನ ಸುತ್ತಮುತ್ತ ಖಾತೆ ಬರಿದು ಮಾಡಬೇಡಿ. ಬೌನ್ಸ್ ನೋಟಿಸ್ ಬಂದರೆ 15 ದಿನದೊಳಗೆ ವಕೀಲರಿಂದ ಉತ್ತರ ಹೋಗಲೇಬೇಕು.

ಕಳಿಸುವುದು

2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟ್‌ಗೆ ರಿಜಿಸ್ಟ್ರೇಶನ್ ಸೇರಿಸಿ ಎಂದು ಕೇಳಿ. ಹಾಗೆ ಕಳಿಸಿದ ಪತ್ರವನ್ನು ವಿಳಾಸದಾರರ ಕೈಗೇ ಕೊಡುತ್ತಾರೆ. ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿ ಪಡೆಯಿರಿ. ಅದೇ ದಿನ ಸಹಿ ಮಾಡಿದ ಪತ್ರವನ್ನು ಸ್ಕ್ಯಾನ್ ಮಾಡಿ ಇಮೇಲ್‌ಗೂ, ಆರ್ಡರ್ ಹಾಕಿದ ಅದೇ ವಾಟ್ಸಾಪ್ ನಂಬರಿಗೂ ಕಳಿಸಿ. ರಸೀದಿಯನ್ನು ನಿಮ್ಮ ಪ್ರತಿಯ ಹಿಂದೆ ಅಂಟಿಸಿಡಿ.

ಟ್ರಾನ್ಸ್‌ಪೋರ್ಟ್ ಹೆಸರು ಗೊತ್ತಾದರೆ ಅವರಿಗೂ ಒಂದು ಪತ್ರ ಹೋಗಲಿ. 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಕಲಂ ಪ್ರಕಾರ, ಮಾಲು ಕಳೆದುಹೋದದ್ದಕ್ಕೆ ಸಾಗಣೆದಾರನ ಮೇಲೆ ದಾವೆ ಹಾಕಬೇಕಾದರೆ, ಮಾಲು ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ನವೆಂಬರ್ 12ಕ್ಕೆ ಬುಕ್ ಆಗಿದ್ದರೆ ಕೊನೆಯ ದಿನ 2026ರ ಮೇ 11. ಸಪ್ಲೈಯರ್ ಜೊತೆ "ನೋಡೋಣ, ಮಾಡೋಣ" ಎನ್ನುವುದರಲ್ಲೇ ಈ ಗಡುವು ದಾಟುತ್ತದೆ. ಟ್ರಾನ್ಸ್‌ಪೋರ್ಟ್ ನೀವೇ ಗೊತ್ತುಮಾಡಿದ್ದರೆ ಈ ನೋಟಿಸೇ ನಿಮ್ಮ ಮುಖ್ಯ ಆಸರೆ.

ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಮತ್ತೆ ಮಾರಲು ಕೊಂಡ ಮಾಲಿಗೆ ನೀವು ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ. ಆ ದಾರಿ ಇಲ್ಲ.

ಉತ್ತರ ಬಂದಾಗ

ಒಂಬತ್ತನೇ ದಿನ ಸಪ್ಲೈಯರ್ ಕಡೆಯಿಂದ ಎಲ್‌ಆರ್ ಫೋಟೋ ಬಂತು. ಸಹಿ ಇರುವ ಬದಿ ಮಾತ್ರ. "ನೋಡಿ, ನಿಮ್ಮವರೇ ಸಹಿ ಮಾಡಿದ್ದಾರೆ" ಎಂಬ ಸಂದೇಶ. ಮಾಲೀಕರ ಮುಖ ಬಾಡಿತು. ಯಾರಾದರೂ ಹುಡುಗರು ಇಳಿಸಿಕೊಂಡು ಮರೆತರೇನೋ ಎಂಬ ಅನುಮಾನ ಅವರಿಗೇ ಬಂತು.

ಇಂಥ ದಾಖಲೆ ಬಂದಾಗ ಸಹಿಯನ್ನಷ್ಟೇ ನೋಡಬೇಡಿ. ನಾವು ನೋಡಿದ್ದು ಹೀಗೆ. ಸಹಿ ಓದಲು ಬರುತ್ತಿರಲಿಲ್ಲ, ಅಂಗಡಿ ಶಿಕ್ಕಾ ಇರಲಿಲ್ಲ. ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಫೋನ್ ನಂಬರ್ ಇತ್ತು, ಅದು ಇವರದಾಗಿರಲಿಲ್ಲ. ಪತ್ರದಲ್ಲಿ ಎರಡೂ ಬದಿ ಕೇಳಿದ್ದು ಇಲ್ಲಿ ಕೆಲಸಕ್ಕೆ ಬಂತು. "ಇನ್ನೊಂದು ಬದಿ ಕಳಿಸಿ" ಎಂದು ಮತ್ತೆ ಬರೆದೆವು. ಅದು ಬಂದಾಗ ಇಳಿಸುವ ಊರಿನ ಜಾಗದಲ್ಲಿ ಬನಹಟ್ಟಿ ಎಂದಿತ್ತು.

ಬನಹಟ್ಟಿಯಲ್ಲಿ ಅದೇ ದೇವರ ಹೆಸರಿನ ಇನ್ನೊಂದು ಇಲೆಕ್ಟ್ರಿಕಲ್ ಅಂಗಡಿ ಇದೆ. ನಮ್ಮ ಕಡೆ ಒಂದೇ ದೇವರ ಹೆಸರಿನ ಅಂಗಡಿ ಊರಿಗೆರಡು ಸಿಗುತ್ತವೆ. ಅವರೂ ಇದೇ ವ್ಯಾಪಾರಿಯ ಗಿರಾಕಿ. ಮಾಲು ಅಲ್ಲಿ ಇಳಿದಿತ್ತು. ಅವರು ತಮ್ಮ ಆರ್ಡರ್ ಬಂತೆಂದು ಇಳಿಸಿಕೊಂಡಿದ್ದರು. ಹುಬ್ಬಳ್ಳಿಯವರ ಕಂಪ್ಯೂಟರ್‌ನಲ್ಲಿ ಬಿಲ್ ಮಾತ್ರ ಜಮಖಂಡಿಯ ಹೆಸರಿಗೆ ಆಗಿತ್ತು. ಮೋಸ ಎಂದು ಬರೆದಿದ್ದರೆ ಈ ಹಂತದಲ್ಲಿ ಮಾತುಕತೆಯೇ ಮುರಿಯುತ್ತಿತ್ತು.

ಜನವರಿಯಲ್ಲಿ ಕ್ರೆಡಿಟ್ ನೋಟ್ ಆಯಿತು. ಅದರಲ್ಲಿ ಮೂರು ವಿಷಯ ನೋಡಿ. ಬಿಲ್ ನಂಬರ್ 1187 ಎಂದು ಇರಬೇಕು, ತೆರಿಗೆ 14,040 ಸೇರಿ ಪೂರ್ತಿ 92,040 ಇರಬೇಕು, ಮತ್ತು ಸಪ್ಲೈಯರ್ ಅದನ್ನು ತನ್ನ ರಿಟರ್ನ್‌ನಲ್ಲಿ ತೋರಿಸಬೇಕು. ಬರೀ ಕಾಗದದ ಮೇಲೆ ಕೊಟ್ಟು ರಿಟರ್ನ್‌ನಲ್ಲಿ ತೋರಿಸದಿದ್ದರೆ ಪೋರ್ಟಲ್‌ನಲ್ಲಿ ಆ ಬಿಲ್ ನಿಮ್ಮ ಹೆಸರಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ಕ್ರೆಡಿಟ್ ನೋಟ್ ಪೋರ್ಟಲ್‌ನಲ್ಲಿ ಬಂದಾಗ ಅದು ನಿಮ್ಮ ಕ್ರೆಡಿಟ್‌ನಿಂದ 14,040 ಕಳೆಯುತ್ತದೆ. ನೀವು ಡಿಸೆಂಬರ್ ರಿಟರ್ನ್‌ನಲ್ಲಿ ಅಷ್ಟೇ ಮೊತ್ತವನ್ನು ಈಗಾಗಲೇ ವಾಪಸ್ ಮಾಡಿದ್ದೀರಿ. ಗಮನಿಸದಿದ್ದರೆ ಒಂದೇ ತೆರಿಗೆ ಎರಡು ಸಲ ಕಡಿತವಾಗುತ್ತದೆ. ಕ್ರೆಡಿಟ್ ನೋಟ್ ಬಂದ ತಿಂಗಳ ರಿಟರ್ನ್ ತುಂಬುವ ಮೊದಲು, ಹಿಂದೆ ವಾಪಸ್ ಮಾಡಿದ್ದನ್ನು ಇದಕ್ಕೆ ಹೊಂದಿಸಲು ನಿಮ್ಮ ಲೆಕ್ಕ ಬರೆಯುವವರಿಗೆ ಹೇಳಿ. ಈ ಪತ್ರದ ಪ್ರತಿಯನ್ನೂ ಅವರಿಗೆ ಕೊಟ್ಟಿಡಿ.

ಹತ್ತು ದಿನ ಕಳೆದರೂ ಉತ್ತರವೇ ಬರದಿದ್ದರೆ ಅರ್ಧ ಪುಟದ ಎರಡನೇ ಪತ್ರ ಕಳಿಸಿ. ಮೊದಲ ಪತ್ರದ ತಾರೀಖು, ಅದು ತಲುಪಿದ ದಿನ, ಯಾವ ದಾಖಲೆಯೂ ಬಂದಿಲ್ಲ ಎಂಬ ಮಾತು, ಅಷ್ಟು ಸಾಕು. ಫೋನ್‌ನಲ್ಲಿ ಕೇಳಿದರೆ "ಪತ್ರಕ್ಕೆ ಪತ್ರದಲ್ಲೇ ಉತ್ತರ ಕೊಡ್ರಿ" ಎನ್ನಿ. ವಕೀಲರ ನೋಟಿಸ್ ಬಂದರೆ ಮಾತ್ರ ನೀವೇ ಉತ್ತರ ಬರೆಯಲು ಕೂರಬೇಡಿ. ಈ ಫೈಲ್ ಪೂರ್ತಿ ತೆಗೆದುಕೊಂಡು ವಕೀಲರ ಹತ್ತಿರ ಹೋಗಿ.

ಜಮಖಂಡಿಯವರಿಗೆ ಕೊನೆಗೆ ನಾನು ಇನ್ನೊಂದು ಕಾಗದ ತರಿಸಿದೆ. 2026ರ ಜನವರಿ 31ಕ್ಕೆ ಬಾಕಿ ಸೊನ್ನೆ ಎಂದು ಸಪ್ಲೈಯರ್ ಸಹಿ, ಶಿಕ್ಕಾ ಹಾಕಿದ ಖಾತೆ ಉತಾರ. ಅದು ಬಂದ ಮೇಲೆಯೇ ಅವರು ಹುಬ್ಬಳ್ಳಿಗೆ ಫೋನ್ ಮಾಡಿ ಬೇಸಿಗೆಯ ಫ್ಯಾನ್‌ಗಳಿಗೆ ಹೊಸ ಆರ್ಡರ್ ಹೇಳಿದರು. ಈ ಸಲ ಅಂಗಡಿ ಹೆಸರಿನ ಜೊತೆ ಊರಿನ ಹೆಸರು ಮತ್ತು ಜಿಎಸ್‌ಟಿ ನಂಬರ್ ಎರಡನ್ನೂ ಬರೆದು ವಾಟ್ಸಾಪ್ ಮಾಡಿದರು.